ಫ್ರಾನ್ಸು ಎಡಕ್ಕೆ, ರಷ್ಯಾ ಬಲಕ್ಕೆ

ಹೆದರುಪುಕ್ಕಲರು ಪಾಠ ಹೇಳುವ ಕೆಲಸಕ್ಕೆ ಹೋಗಬಾರದು. ನಾನು ಹೋದೆ. ತೊಂಬತ್ತರ ದಶಕದ ಕೊನೆಯಲ್ಲಿ ಸೇಡಂನ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸದ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ಮನೆ ಶಹಾಬಾದಿನಲ್ಲಿ. ಬೆಳಿಗ್ಗೆ ಒಂದು ಗಾಡಿ ಹತ್ತಿ ವಾಡಿಯಲ್ಲಿ ಇಳಿದು, ಅಲ್ಲಿ ಇನ್ನೊಂದು ಪ್ಯಾಸೆಂಜರ್ ಹಿಡಿದು ಚಿತ್ತಾಪುರ ದಾಟಿ ಸೇಡಂ ಮುಟ್ಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಉಳಿದರ್ಧ ತರಗತಿಯ ಬಾಗಿಲಲ್ಲಿ ಹೋಗುತ್ತಿತ್ತು.

ಪ್ರಶ್ನೆ ಕೇಳುವ ವಿದ್ಯಾರ್ಥಿಗಳೆಂದರೆ ನನಗೆ ಭಯ. ಅವರು ಬಾಯಿ ತೆರೆಯದಂತೆ ನಾನು ಕಂಡುಕೊಂಡ ಉಪಾಯ ಕೋಷ್ಟಕ. ಬೋರ್ಡಿನ ನಡುವೆ ಉದ್ದಕ್ಕೆ ಒಂದು ಗೆರೆ. ಎಡಕ್ಕೆ ಫ್ರಾನ್ಸಿನ ಕ್ರಾಂತಿ, ಬಲಕ್ಕೆ ರಷ್ಯಾದ ಕ್ರಾಂತಿ. ಕಾಲ, ರಾಜ, ಕಾರಣ, ಮುಂದಾದ ವರ್ಗ, ಘೋಷಣೆ, ರಾಜನ ಗತಿ, ಪರಿಣಾಮ, ಹೀಗೆ ಏಳು ಸಾಲು, ಸಾಲಿಗೆ ಎರಡು ಡಬ್ಬಿ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು, ಒಬ್ಬರೂ ‘ಯಾಕೆ’ ಅನ್ನುತ್ತಿರಲಿಲ್ಲ. ನನ್ನಷ್ಟು ಚಂದ ಪಾಠ ಹೇಳುವವರು ಇಲ್ಲವೆಂದು ನಾನೇ ಬೀಗುತ್ತಿದ್ದೆ.

ಶಹಾಬಾದಿನಿಂದ ಅದೇ ಗಾಡಿಗೆ ಬರುತ್ತಿದ್ದ ಒಬ್ಬ ಹುಡುಗಿಯಿದ್ದಳು. ತಂದೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ಬಿ.ಎ. ಮುಗಿಸಿ ಬಿ.ಎಡ್. ಸೇರಬೇಕೆಂದು ಅವಳ ಆಸೆ. ಎಲ್ಲ ವಿಷಯ ಪಾಸಾಗಿ ‘ಆಧುನಿಕ ಯುರೋಪ್’ ಒಂದರಲ್ಲೇ ಎರಡು ಸಲ, ಕೆಲವೇ ಅಂಕಗಳಿಂದ, ಫೇಲಾಗಿದ್ದಳು; ಆ ಒಂದು ಪಾಠಕ್ಕಾಗಿ ಇನ್ನೂ ಕಾಲೇಜಿಗೆ ಬರುತ್ತಿದ್ದಳು. ಎರಡನೇ ಸಲದ ಫಲಿತಾಂಶ ಬಂದ ಮೇಲೆ ವಾಡಿಯ ಪ್ಲಾಟ್‌ಫಾರಂನಲ್ಲಿ ಸಿಕ್ಕಳು. ಓದದೆ ಹೋಗಿದ್ದಕ್ಕೆ ಹೀಗಾಯಿತು ಎಂದು ನಾನು ಗದರಿದೆ.

“ಓದೀನ್ರಿ ಮೇಡಂ. ಎರಡೂ ಸಲ ಕ್ರಾಂತಿ ಪ್ರಶ್ನೆ ಬಂದಿತ್ರಿ. ನೀವು ಬರಸಿದ್ದು ಹಂಗ ಗೆರಿ ಹೊಡದು ಬರದು ಬಂದೀನಿ. ಒಂದ ಡಬ್ಬಿ ಸುದ್ದಾ ಬಿಟ್ಟಿಲ್ರಿ.”

ಹದಿನೈದು ಅಂಕದ ಪ್ರಶ್ನೆ ‘ಹೋಲಿಸಿ ವಿವರಿಸಿ’ ಎಂದು ಪ್ರಬಂಧ ಕೇಳುತ್ತದೆ. ಉತ್ತರಪತ್ರಿಕೆ ತಿದ್ದಿ ತಿದ್ದಿ ಪಳಗಿದ ನಮ್ಮ ಹಿರಿಯ ಉಪನ್ಯಾಸಕರನ್ನು ಕಾಲೇಜಿನಲ್ಲಿ ಕೇಳಿದರೆ ಅವರು ಎಲೆ ಅಡಿಕೆ ಜಗಿಯುತ್ತಲೇ, “ಡಬ್ಬಿ ಹಾಕಿದವ್ರಿಗಿ ನಾಕರ ಮ್ಯಾಲ ಯಾರು ಕೊಡ್ತಾರ್ರಿ?” ಅಂದರು. ಅವಳು ಫೇಲಾದದ್ದು ಓದದೆ ಅಲ್ಲ. ನನ್ನ ಮಾತು ಕೇಳಿ.

“ಈ ಸಲ ಆಗ್ಲಿಲ್ಲಂದ್ರ ಮತ್ತ ಪರೀಕ್ಷಾ ಫಾರ್ಮ್ ತುಂಬಸಂಗಿಲ್ಲ ಅಂದಾನ್ರಿ ಅಪ್ಪ,” ಎಂದಳು ಸಂಜೆ ವಾಪಸ್ ಗಾಡಿಯಲ್ಲಿ. ಕೋಷ್ಟಕ ಕೊಟ್ಟವಳು ನಾನೇ ಎಂದು ಒಪ್ಪಿಕೊಳ್ಳಲು ಧೈರ್ಯವಿಲ್ಲದೆ, “ನಾಳೆಯಿಂದ ಇದನ್ನು ಪ್ರಬಂಧ ಮಾಡೋಣ,” ಎಂದಷ್ಟೇ ಅಂದೆ.

ಮರುದಿನದಿಂದ ಸೇಡಂ ಗಾಡಿ ಬರುವತನಕ ವಾಡಿಯ ಕಲ್ಲುಬೆಂಚೇ ನಮ್ಮ ತರಗತಿ. ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ನೋಟುವಹಿಯ ಮೇಲೆ ಕೂರುತ್ತಿತ್ತು, ಊದಿ ಊದಿ ಬರೆಯುತ್ತಿದ್ದಳು. ಮೊದಲು ಎಡಗಡೆಯದನ್ನೆಲ್ಲ ಒಂದು ಪುಟ, ಬಲಗಡೆಯದನ್ನೆಲ್ಲ ಇನ್ನೊಂದು ಪುಟ ಬರೆದು ತಂದಳು. ಎರಡು ಕಥೆಗಳಾದವು, ಹೋಲಿಕೆ ಎಲ್ಲಿಯೂ ಇರಲಿಲ್ಲ. ಸಾಲು ಸಾಲಾಗಿ ಬರೆ ಎಂದೆ. ‘ಫ್ರಾನ್ಸಿನಲ್ಲಿ ಹೀಗೆ, ರಷ್ಯಾದಲ್ಲಿ ಹಾಗೆ’ ಎಂದು ಏಳು ಸಲ ಬಂತು. ಗೆರೆ ಅಳಿಸಿದ್ದಳೇ ಹೊರತು ಡಬ್ಬಿಗಳು ಹಾಗೆಯೇ ಕೂತಿದ್ದವು.

ಪರೀಕ್ಷೆ ಹತ್ತಿರ ಬಂತು. ಕೊನೆಗೆ ನಾನೇ ಬರೆದುಕೊಟ್ಟು, ಉರು ಹೊಡಿ ಎಂದೆ. ‘ಫ್ರಾನ್ಸಿನಲ್ಲಿ’, ‘ರಷ್ಯಾದಲ್ಲಿ’ ಎಂದು ಪದೇ ಪದೇ ಬಾರದಿರಲೆಂದು ಮೊದಲು ಬರುವ ಫ್ರಾನ್ಸಿಗೆ ‘ಅಲ್ಲಿ’, ಆಮೇಲೆ ಬರುವ ರಷ್ಯಾಕ್ಕೆ ‘ಇಲ್ಲಿ’ ಎಂದು ಹಾಕಿದ್ದೆ. ನಯವಾಗಿ ಓದಿಸಿಕೊಳ್ಳುತ್ತಿತ್ತು. ವಾರದಲ್ಲಿ ಅವಳಿಗೆ ಬಾಯಿಪಾಠವಾಯಿತು. ಒಂದು ದಿನ ಗಾಡಿಯಲ್ಲಿ, ಚಿತ್ತಾಪುರ ದಾಟಿದ ಮೇಲೆ, ಸುಮ್ಮನೆ ಪ್ರಶ್ನೆಯನ್ನು ತಿರುಗಿಸಿ ಕೇಳಿದೆ: ರಷ್ಯಾ ಮತ್ತು ಫ್ರಾನ್ಸಿನ ಕ್ರಾಂತಿಗಳನ್ನು ಹೋಲಿಸು.

ಮೊದಲ ವಾಕ್ಯದಲ್ಲಿ ಎರಡು ಹೆಸರನ್ನೂ ತಿರುಗಿಸಿಕೊಂಡಳು. ಉಳಿದದ್ದು ನನ್ನದೇ ಪಾಠ. “ಅಲ್ಲಿ ರಾಜನ ತಲಿ ಕಡಿದರು. ಇಲ್ಲಿ ರಾಜನಿಗೆ ಗುಂಡು ಹೊಡೆದರು,” ಎಂದಳು.

“ಇಲ್ಲಿ ಅಂದರೆ ಎಲ್ಲಿ?” ಎಂದೆ.

ಎದುರು ಸೀಟಿನಲ್ಲಿ ಸಂತೆಗೆ ಹೊರಟಿದ್ದ ಮುದುಕಿ ಕಣ್ಣರಳಿಸಿ, “ಇಲ್ಲ್ಯಾ? ಯಾವಾಗ ಹೊಡದ್ರ್ಯವ್ವಾ? ಸೇಡಂದಾಗೇನು?” ಎಂದಳು. ಬೋಗಿಯೆಲ್ಲ ನಕ್ಕಿತು. ಹುಡುಗಿಯೂ ನಕ್ಕಳು. ನನಗೆ ಮಾತ್ರ ಆಗ ತಪ್ಪು ಹೊಳೆಯಿತು. ಪ್ರಶ್ನೆಯಲ್ಲಿ ಹೆಸರುಗಳು ಹಿಂದುಮುಂದಾದರೆ ಸಾಕು, ನನ್ನ ಚಂದದ ಪ್ರಬಂಧದಲ್ಲಿ ಫ್ರಾನ್ಸಿನ ಲೂಯಿ ದೊರೆಗೆ ಗುಂಡು ಬೀಳುತ್ತಿತ್ತು, ರಷ್ಯಾದ ಝಾರ್ ದೊರೆಯ ತಲೆ ಹೋಗುತ್ತಿತ್ತು. ಮೂರನೆಯ ಸಲವೂ ನನ್ನಿಂದಲೇ ಮುಳುಗುತ್ತಾಳೆ!

ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ಬರೆದುಕೊಟ್ಟದ್ದನ್ನು ಕಸಿದು ಹರಿದೆ. ಅವಳು ಅಳುಮೋರೆ ಮಾಡಿದಳು. “ಈಗ ಗೆರೆಯೂ ಇಲ್ಲ, ಉರುವೂ ಇಲ್ಲ. ಎರಡೂ ಕಡೆ ಒಂದೇ ಆಗಿದ್ದು ಏನು, ಅದನ್ನು ನೀನೇ ಹೇಳು,” ಎಂದೆ.

“ರೊಟ್ಟಿ ತುಟ್ಟಿ ಆಗಿದ್ದು ಎರಡೂ ಕಡಿ ಅದರಿ,” ಎಂದಳು. “ಹೆಣ್ಮಕ್ಕಳು ರೊಟ್ಟಿ ಬೇಕಂತ ಎರಡೂ ಊರಾಗ ಬೀದಿಗಿ ಬಂದಾರ್ರಿ. ಬುಕ್ಕಿನಾಗದ. ನೀವು ಬರಸಿಲ್ಲ.”

ನಾನು ಬರೆಸಿರಲಿಲ್ಲ, ನನ್ನ ಡಬ್ಬಿಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಲ್ಲಿಂದಲೇ ಹಿಡಿದೆವು. ಏಳು ಸಾಲುಗಳನ್ನು ಮೂರು ಗುಂಪು ಮಾಡಿದಳು: ಯಾಕಾಯಿತು, ಯಾರು ನಡೆಸಿದರು, ಏನುಳಿಯಿತು. ಪ್ರತಿ ಗುಂಪಿಗೂ ಮೊದಲು ಎರಡರ ಸಾಮ್ಯ, ಆಮೇಲೆ ‘ಆದರೆ’ ಎಂದು ತಿರುಗಿ ವ್ಯತ್ಯಾಸ. ಹಸಿವು ಮತ್ತು ಹಟಮಾರಿ ದೊರೆತನ ಎರಡೂ ಕಡೆ ಇದ್ದವು, ಆದರೆ ರಷ್ಯಾದಲ್ಲಿ ಮಹಾಯುದ್ಧದ ಸೋಲು ಕೂಡಿಕೊಂಡಿತು. ಎರಡೂ ಕಡೆ ಹಳೆಯ ವ್ಯವಸ್ಥೆ ಉರುಳಿತು, ಆದರೆ ಫ್ರಾನ್ಸಿನಲ್ಲಿ ಮಧ್ಯಮವರ್ಗ ಮುಂದಾಯಿತು, ರಷ್ಯಾದಲ್ಲಿ ಕೊನೆಗೆ ಕಾರ್ಮಿಕರ ಹೆಸರಿನ ಪಕ್ಷ ಅಧಿಕಾರ ಹಿಡಿಯಿತು. ಒಂದೊಂದು ‘ಆದರೆ’ ಬಂದಾಗಲೂ “ಯಾಕ್ರಿ ಮೇಡಂ?” ಎಂದು ಕೇಳುತ್ತಿದ್ದಳು. ಡಬ್ಬಿಗೆ ಕಾರಣ ಹೇಳುವ ಹೊಣೆಯಿಲ್ಲ, ವಾಕ್ಯಕ್ಕೆ ಇದೆ. ಕೆಲವು ‘ಯಾಕೆ’ಗಳಿಗೆ ನನಗೂ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ಪುಸ್ತಕ ತೆರೆದು ಕೂತಾಗ ನಾಚಿಕೆಯಾಗುತ್ತಿತ್ತು.

ಪರೀಕ್ಷೆಯ ದಿನ ಬೇರೆ ಕೋಣೆಯಲ್ಲಿ ನನ್ನ ಮೇಲ್ವಿಚಾರಣೆ. ಪ್ರಶ್ನೆಪತ್ರಿಕೆ ಹಂಚುವಾಗ ಓದಿದೆ: ‘ರಷ್ಯಾ ಮತ್ತು ಫ್ರಾನ್ಸಿನ ಕ್ರಾಂತಿಗಳನ್ನು ಹೋಲಿಸಿ ವಿವರಿಸಿ.’ ರಷ್ಯಾ ಮೊದಲು! ಮೂರು ತಾಸು ಕೂರಲಾರದೆ ನಿಲ್ಲಲಾರದೆ ಕಳೆದೆ. ಹಳೆಯ ಉರು ಅವಳ ತಲೆಯಲ್ಲಿ ಉಳಿದಿದ್ದರೆ ಎಂಬ ಒಂದೇ ಹೆದರಿಕೆ. ಗಂಟೆ ಹೊಡೆದದ್ದೇ ವರಾಂಡಕ್ಕೆ ಓಡಿದೆ.

“ಅಲ್ಲಿ ಇಲ್ಲಿ ಒಂದೂ ಹಾಕಿಲ್ರಿ,” ಎಂದಳು ದೂರದಿಂದಲೇ. “ಎಲ್ಲಾ ಕಡಿ ಹೆಸರೇ ಬರದೀನಿ. ಓದೋರಿಗಿ ಬ್ಯಾಸರಾದ್ರ ಆಗ್ಲಿ.”

ಫಲಿತಾಂಶದ ದಿನ ನೋಟಿಸ್ ಬೋರ್ಡಿನ ಮುಂದೆ ಅವಳಿಗಿಂತ ಮೊದಲು ನಾನೇ ಅವಳ ನಂಬರು ಕಂಡೆ. ಪಾಸಾಗಿದ್ದಳು. ಕಾಲಿಗೆ ಬೀಳಲು ಬಂದಳು, ನಾನು ಹಿಂದೆ ಸರಿದೆ. ಆಗಲಾದರೂ ನಿಜ ಹೇಳಬೇಕಿತ್ತು, ಹೇಳಲಿಲ್ಲ. ಪೇಢಾ ತರುತ್ತೇನೆಂದು ಅವಳು ಬಸ್‌ಸ್ಟ್ಯಾಂಡಿನ ಕಡೆ ಓಡಿದ ಮೇಲೆ ನಾನು ಆ ಪಟ್ಟಿಯನ್ನು ಮತ್ತೆ ಮೇಲಿನಿಂದ ನೋಡಿದೆ. ಅವಳ ಜೊತೆಗೆ ಅದೇ ವಿಷಯದಲ್ಲಿ ಫೇಲಾಗಿದ್ದ ಚಿಂಚೋಳಿ ಕಡೆಯ ಮೂವರ ನಂಬರು ಹುಡುಕಿದೆ. ಪಾಸಾದವರಲ್ಲಿ ಇರಲಿಲ್ಲ, ಫೇಲಾದವರಲ್ಲೂ ಇರಲಿಲ್ಲ. ಆಫೀಸಿನಲ್ಲಿ ವಿಚಾರಿಸಿದರೆ ಗುಮಾಸ್ತರು, “ಅವರು ಈ ಸಲ ಫಾರ್ಮೇ ತುಂಬಿಲ್ರಿ ಮೇಡಂ,” ಎಂದರು. ಹಿಂದಿನ ಪರೀಕ್ಷೆಯಲ್ಲಿ ಆ ಮೂವರೂ ನಾನು ಬರೆಸಿದ ಕೋಷ್ಟಕವನ್ನೇ ಒಂದು ಡಬ್ಬಿಯನ್ನೂ ಬಿಡದೆ ಬರೆದಿದ್ದರು. ಅವರು ವಾಡಿಯ ಗಾಡಿಗೆ ಬರುತ್ತಿರಲಿಲ್ಲ, ಆ ಕಲ್ಲುಬೆಂಚಿನ ಪಾಠ ಅವರಿಗೆ ಸಿಗಲಿಲ್ಲ, ಅಷ್ಟೇ.