ಅರಕಲಗೂಡಿನ ಎರಡನೇ ಕಂತು

ಹಾಸನದಿಂದ ಹೊರಟ ಬಸ್ಸಿನಲ್ಲಿ ಸ್ವರ್ಣಲತಾಗೆ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಕಣ್ಣು ಮುಚ್ಚಲಾಗಲಿಲ್ಲ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಶಿಶುಮನೆಗಳನ್ನು ನಡೆಸಲು ಒಂದು ಕಂಪನಿ ದುಡ್ಡು ಕೊಡುತ್ತಿತ್ತು. ಅರ್ಜಿ ಹಾಕಿದ್ದು ಅವಳು ಲೆಕ್ಕ ನೋಡುವ ಹಾಸನದ ಸಂಸ್ಥೆ. ಶಿಶುಮನೆ ನಡೆಸುವ ಜೊತೆಗಾರ ಸಂಘಗಳು ಹೊಳೆನರಸೀಪುರದ್ದೊಂದು, ಅರಕಲಗೂಡಿನದೊಂದು. ಕೊಟ್ಟ ಕಂತಿನಲ್ಲಿ ಮುಕ್ಕಾಲು ಖರ್ಚಾದ ಲೆಕ್ಕ ಎರಡೂ ಸಂಘಗಳಿಂದ ಬಂದರೆ ಮಾತ್ರ ಕಂಪನಿ ಮುಂದಿನ ಕಂತು ಬಿಡುತ್ತದೆ. ಅರಕಲಗೂಡಿನ ಲೆಕ್ಕ ಅರ್ಧದಲ್ಲೇ ನಿಂತಿತ್ತು. ಇವತ್ತು ಸರಿಹೋಗದಿದ್ದರೆ ತಿಂಗಳ ಕೊನೆಗೆ ಎರಡೂ ಕಡೆ ಬಾಗಿಲು ಮುಚ್ಚಬೇಕು.

ಅರಕಲಗೂಡಿಗೆ ಇದು ಅವಳ ಮೊದಲ ಭೇಟಿ. ಬಜೆಟ್ಟಿನಲ್ಲಿ ಉಸ್ತುವಾರಿ ವೆಚ್ಚವೆಂದು ಓಡಾಟಕ್ಕೂ ಲೆಕ್ಕ ತಪಾಸಣೆಗೂ ಅವಳು ಇಟ್ಟಿದ್ದ ಹಣವನ್ನು ಕಾರ್ಯದರ್ಶಿ ಮೋಹನ್‌ಕುಮಾರ್ ಹೊಡೆದುಹಾಕಿದ್ದರು. ನಮ್ಮ ಪಾಲು ಕಮ್ಮಿ ಕಂಡರೆ ಕಂಪನಿಯವರು ಬೇಗ ಒಪ್ಪುತ್ತಾರೆ ಎಂಬುದು ಅವರ ಲೆಕ್ಕಾಚಾರ. ಆಮೇಲೆ ಎಲ್ಲವೂ ಫೋನಿನಲ್ಲೇ ನಡೆದಿತ್ತು.

ಅರಕಲಗೂಡಿನ ಸಂಘ ನಡೆಸುವ ಮರಿಯಣ್ಣ ಅರವತ್ತು ದಾಟಿದವರು. ಕಾಫಿ ತರಿಸಿ, ಪಾಸ್‌ಬುಕ್ಕನ್ನು ಹೆಮ್ಮೆಯಿಂದ ಮುಂದಿಟ್ಟರು.

"ಒಂದ್ರುಪಾಯ್ನೂ ದುಂದು ಮಾಡಿಲ್ಲ ಕಣವ್ವಾ. ನೋಡಿ, ಎಷ್ಟು ಉಳಿಸಿವ್ನಿ."

ಉಳಿಸಿದ್ದು ಹೇಗೆಂದು ಕೇಳಿದಳು. ಕಂತು ತಡವಾದರೆ ಮಕ್ಕಳ ಹಾಲು ನಿಲ್ಲಬಾರದಲ್ಲ, ಹಾಗಾಗಿ ಆಯಾಗಳಿಗೆ ನಾಲ್ಕು ತಿಂಗಳಿಂದ ಅರ್ಧ ಸಂಬಳವನ್ನೇ ಕೊಟ್ಟಿದ್ದೇನೆ, ಉಳಿದದ್ದು ಆಮೇಲೆ ಎಂದು ಒಪ್ಪಿಸಿದ್ದೇನೆ ಎಂದರು. ಬಾಗಿಲ ಬಳಿ ಮಗುವೊಂದನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಆಯಾ ಲಕ್ಕಮ್ಮ ಬೇರೆ ಕಡೆ ನೋಡಿದಳು.

ಸ್ವರ್ಣಲತಾಗೆ ರೇಗಲೂ ಶಕ್ತಿಯಿರಲಿಲ್ಲ. "ಮರಿಯಣ್ಣನವ್ರೇ, ನೀವು ಉಳಿಸಿದ್ದಕ್ಕೇ ಕಂತು ನಿಂತಿರೋದು," ಎಂದಳು. ಮುದುಕರ ಮುಖ ಸಣ್ಣದಾಯಿತು.

ಬಾಕಿ ಸಂಬಳವೆಲ್ಲ ಸೇರಿದರೆ ಖರ್ಚು ಮುಕ್ಕಾಲು ದಾಟುತ್ತಿತ್ತು. ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಆಯಾಗಳ ಖಾತೆಗಳಿಗೇ ಹಣ ಹಾಕಿಸಿದರು. ಇನ್ನು ಲೆಕ್ಕಪರಿಶೋಧಕರು ಹಣ ಬಳಕೆಯಾದ ಪ್ರಮಾಣಪತ್ರಕ್ಕೆ ಸಹಿ ಹಾಕುವುದೊಂದೇ ಬಾಕಿ. ಲಕ್ಕಮ್ಮ ತನ್ನ ಮೊಬೈಲಿಗೆ ಬಂದ ಬ್ಯಾಂಕಿನ ಸಂದೇಶವನ್ನು ಸ್ವರ್ಣಲತಾಳ ಕೈಲೇ ಓದಿಸಿ, "ಅಂಗಾರೆ ಇದು ನಂದೇಯಾ?" ಎಂದಳು. ಇಷ್ಟು ದಿನ ಒಮ್ಮೆಯೂ ಬಂದು ನೋಡದ್ದಕ್ಕೆ ಸ್ವರ್ಣಲತಾಗೆ ನಾಚಿಕೆಯಾಯಿತು.

ಬಸ್‌ಸ್ಟ್ಯಾಂಡಿನಿಂದಲೇ ಮೋಹನ್‌ಕುಮಾರ್‌ಗೆ ಫೋನ್ ಮಾಡಿ, ನಮ್ಮ ಪಾಲಿನಲ್ಲಿ ಪ್ರಿಂಟರ್ ಕೊಳ್ಳಲು ಇಟ್ಟ ದುಡ್ಡನ್ನು ಉಸ್ತುವಾರಿ ಓಡಾಟಕ್ಕೆ ಬಳಸಲು ಕಂಪನಿಯ ಒಪ್ಪಿಗೆ ಕೇಳೋಣ, ಜೊತೆಗಾರರ ಪಾಲು ಮುಟ್ಟುವುದು ಬೇಡ ಎಂದಳು. ಅವರು ಗೊಣಗಿದರು, ಕೊನೆಗೆ ಪತ್ರ ಬರಿ ಎಂದರು.

ಬಸ್ಸು ಹತ್ತಿಸಲು ಬಂದ ಮರಿಯಣ್ಣ ಬೆದರಿದವರಂತೆ ಕೇಳಿದರು: "ನೀವು ಇಂಗೆ ಬಂದೋಗ್ತಿದ್ರೆ ಇನ್ಮೇಲೆ ಕಂತು ತಡ ಆಗಾಕಿಲ್ಲ ಅಲ್ವಾ?"

"ಆಗ್ಬಹುದು," ಎಂದಳು. "ತಡ ಆಗೋ ಹಾಗಿದ್ರೆ ಮುಂಚೇನೆ ಬಂದು ಹೇಳ್ತೀನಿ. ಸಂಬಳ ಮಾತ್ರ ಹಿಡೀಬೇಡಿ."