ಅಂದೆನಂತೆ

ಮೊದಲು ವಾಕ್ಯವನ್ನು ಇಡುತ್ತೇನೆ. ಜಗಳವೆಲ್ಲ ಅದರದ್ದೇ.

"ಇವ್ರಿಗೆ ಉಪಚಾರ ಬೇಡ ಬೀಗ್ರೆ. ಇವ್ರು ವರ್ಷಪೂರ್ತಿ ಛತ್ರದಲ್ಲೇ ಇರೋದು. ನಮ್ಮನೆ ಮೇಲ್ಗಡೆ ಒಂದಿದೆ. ಬಾಡಿಗೆ ಇಲ್ಲ, ಖಾಲಿ ಮಾಡೋ ತಾಪತ್ರಯಾನೂ ಇಲ್ಲ."

ಹೇಳಿದವನು ನನ್ನ ಬಾಮೈದ, ಹೆಂಡತಿಯ ತಮ್ಮ. ಸ್ಥಳ ಕೆಂಗೇರಿಯ ಒಂದು ಛತ್ರ. ನನ್ನ ಹೆಂಡತಿಯ ತಂಗಿಯ ಮದುವೆಯಾಗಿ ಬೀಗರ ಊಟ ನಡೆಯುತ್ತಿತ್ತು. ನನ್ನ ಎಡಕ್ಕೆ ಹೊಸ ಬೀಗರು, ಅಂದರೆ ಮದುಮಗನ ಅಪ್ಪ. ಬಲಕ್ಕೆ ಅವರ ತಮ್ಮ. ಎಲೆಯ ಮೇಲೆ ಮುದ್ದೆ, ಮಟನ್ ಸಾರು. ಛತ್ರದ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ಯಾರದೋ ಡಿಕ್ಕಿ ಬೆಳಗಿನಿಂದ ತೆರೆದೇ ಇತ್ತು. ಗಂಡಸರು ಒಬ್ಬೊಬ್ಬರಾಗಿ ಅಲ್ಲಿಗೆ ಹೋಗಿ, ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದರು. ಬಾಮೈದ ಹಾಗೆ ಎಷ್ಟು ಸಲ ಹೋಗಿ ಬಂದಿದ್ದನೋ ನನಗೆ ಗೊತ್ತಿಲ್ಲ. ಹೆಣ್ಣಿನ ಕಡೆಯವನಾಗಿ ಪಂಕ್ತಿಯುದ್ದಕ್ಕೂ ನಡೆದು ಬೀಗರಿಗೆ ಉಪಚಾರ ಮಾಡುವುದು ಅವನ ಕೆಲಸ. "ಹಾಕ್ಕೊಳಿ ಬೀಗ್ರೆ, ನಾಚ್ಕೋಬೇಡಿ" ಎನ್ನುತ್ತ ನನ್ನ ಎಲೆಯ ಮುಂದೆ ಬಂದು ನಿಂತ. ಆಗ ಅಂದ.

ಮೇಲಿನ ವಾಕ್ಯವನ್ನು ನಾನು ಸ್ವಲ್ಪ ತಿದ್ದಿರಬಹುದು. ರಾಜಾಜಿನಗರದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದೇ ನನ್ನ ಕಸುಬು. ಇಷ್ಟು ತಿಂಗಳು ಮನಸ್ಸಿನಲ್ಲಿ ಉಜ್ಜಿದ ಮೇಲೆ ಯಾವ ವಾಕ್ಯವೂ ಅಂದ ಹಾಗೇ ಉಳಿಯುವುದಿಲ್ಲ. 'ತಾಪತ್ರಯ' ಅವನ ಪದವೋ ನನ್ನದೋ ಈಗ ಹೇಳಲಾರೆ. 'ಛತ್ರ' ಮಾತ್ರ ಅವನದೇ.

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆನಂತೆ. ಇದು ಹೆಂಡತಿ ಹೇಳಿದ್ದು. ನನ್ನ ನೆನಪಿನಲ್ಲಿ ನಾನು ಮೂಳೆಯೊಂದನ್ನು ಎಲೆಯ ಅಂಚಿಗೆ ಸರಿಸುತ್ತಿದ್ದೇನೆ, ಅಷ್ಟೇ.

ವಿಜಯನಗರದ ಆ ಮನೆಯ ಕೆಳಗೆ ಬಾಮೈದ, ಅವನ ಹೆಂಡತಿ ಮತ್ತು ನಮ್ಮ ಅತ್ತೆ ಇದ್ದಾರೆ. ಮೇಲೆ ನಾವು. ಮಾವ ತೀರಿಕೊಳ್ಳುವ ಮುಂಚೆ ಮೇಲಿನ ಮನೆಯನ್ನು ನನ್ನ ಹೆಂಡತಿಯ ಹೆಸರಿಗೇ ಮಾಡಿಸಿದ್ದರು. ಅದು ಬಾಮೈದನಿಗೂ ಗೊತ್ತು, ಓಣಿಗೂ ಗೊತ್ತು. ಗೊತ್ತಿಲ್ಲದವರು ಆ ಹೊಸ ಬೀಗರು ಮಾತ್ರ. ಅವರ ಮುಂದೆಯೇ ಅಂದ.

ಮಾರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಕ್ಕ. ಕಣ್ಣು ಊದಿತ್ತು.

"ಭಾವ, ನಿನ್ನೆ ಏನೋ ಅಂದ್ಬಿಟ್ನಂತೆ. ಬೇಜಾರಾಗಿದ್ರೆ ಸಾರಿ."

"ಬೇಜಾರೇನಿಲ್ಲ" ಎಂದು ಕೆಳಗಿಳಿದೆ.

ಮುದ್ರಣಾಲಯಕ್ಕೆ ಹೋಗುವ ಬಸ್ಸಿನಲ್ಲಿ ನಿಂತು ಆ ಎರಡು ವಾಕ್ಯಗಳನ್ನು ಬಿಚ್ಚಿ ನೋಡಿದೆ. 'ಏನೋ' ಅಂದನೇ ಹೊರತು ಏನು ಎಂದು ಹೇಳಲಿಲ್ಲ. 'ಅಂದ್ಬಿಟ್ಟೆ' ಎಂದರೆ ಕೈಜಾರಿ ಲೋಟ ಬಿದ್ದ ಹಾಗೆ. ಅದರ ಬಾಲಕ್ಕೆ 'ಅಂತೆ'. ತನ್ನ ಮಾತಿನ ಬಗ್ಗೆಯೇ ಯಾರೋ ಸುದ್ದಿ ತಂದ ಹಾಗೆ. ಕೊನೆಗೆ 'ಆಗಿದ್ರೆ'. ಆಗಿಲ್ಲದಿದ್ದರೆ ಸಾರಿಯೂ ಇಲ್ಲ. ಒಂದು ಕ್ಷಮೆಯಲ್ಲಿ ಇಷ್ಟು ಬಾಗಿಲು ತೆರೆದಿಟ್ಟುಕೊಂಡು ಓಡಿಹೋಗಿದ್ದ.

ಸಂಜೆ ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ.

"ರೀ, ಅವನು ಮಾತಾಡಿದಾನೆ. ನೀವು ಕರಡು ತಿದ್ತಾ ಕೂತಿದೀರ."

"ಅವನು ಮಾತಾಡೇ ಇಲ್ಲ."

"ನಿಮಗೆ ಬೇಕಾಗಿರೋದು ಸಾರಿ ಅಲ್ಲ ಕಣ್ರೀ, ಕೇಸು."

ಆ ವಾರವೇ ಮಲ್ಲತ್ತಹಳ್ಳಿಯಲ್ಲಿ ಒಂದು ಬಾಡಿಗೆ ಮನೆ ನೋಡಿ ಬಂದೆ. ಕೆರೆಯ ಕಡೆ ಕಿಟಕಿ. ತಿಂಗಳ ಕೊನೆಯೊಳಗೆ ಹೇಳುತ್ತೇನೆ ಎಂದು ಮಾಲೀಕರಿಗೆ ಮಾತು ಕೊಟ್ಟೆ. ಹೆಂಡತಿ ಅಪ್ಪ ಕೊಟ್ಟ ಮನೆ ಬಿಟ್ಟು ಬರುವುದಿಲ್ಲ ಎಂದಳು. ನಾನು ಇಲ್ಲಿ ಇರುವುದಿಲ್ಲ ಎಂದೆ. ಅವನ ಒಂದು ತಮಾಷೆಗೆ ಕಟ್ಟಿದ ಸಂಸಾರ ಎರಡು ಬಾಗಿಲಾಗುವ ಹಾಗಿತ್ತು.

ಅಷ್ಟರಲ್ಲಿ ಮನೆಯಲ್ಲಿ ಯುದ್ಧ. ಸಂಪಿನ ಮೋಟರಿನ ಸ್ವಿಚ್ಚು ಕೆಳಗಿದೆ, ಟ್ಯಾಂಕು ಮೇಲಿದೆ. ಟ್ಯಾಂಕು ತುಂಬಿ ಹರಿಯುವುದು ನನಗೆ ಕಾಣಿಸುತ್ತದೆ, ಅವನಿಗೆ ಕಾಣಿಸುವುದಿಲ್ಲ. ಮುಂಚೆ "ಆಫ್ ಮಾಡೋ" ಎಂದು ಕೂಗುತ್ತಿದ್ದೆ. ಈಗ ನೀರು ಅವನ ಬೈಕಿನ ಸೀಟಿನ ಮೇಲೆ ಸುರಿಯುವುದನ್ನು ನೋಡುತ್ತ ಕಾಫಿ ಕುಡಿದೆ. ಅವನು ಗೇಟಿಗೆ ಅಡ್ಡವಾಗಿ ಬೈಕು ನಿಲ್ಲಿಸತೊಡಗಿದ. ನಾನು ಅದನ್ನು ಪಕ್ಕಕ್ಕೆ ತಳ್ಳದೆ, ಕಷ್ಟಪಟ್ಟು ನುಸುಳಿ, ಅಂಗಿಗೆ ಗ್ರೀಸ್ ಮಾಡಿಕೊಂಡು, ಆ ಅಂಗಿಯನ್ನು ಎಲ್ಲರಿಗೂ ಕಾಣುವ ಹಾಗೆ ಒಣಗಹಾಕಿದೆ. ಇದರಲ್ಲಿ ನನಗೆ ಸುಖವಿತ್ತು.

ಎರಡನೆಯ ಕ್ಷಮೆ ಅತ್ತೆಯ ಏರ್ಪಾಡು. ಭಾನುವಾರ ಕೆಳಗೆ ಊಟಕ್ಕೆ ಕರೆದರು. ನಾನು ಇನ್ನೂ ಕೂತಿರಲಿಲ್ಲ, ಬಾಮೈದ ಬಂದು ನನ್ನ ಕಾಲು ಹಿಡಿದುಕೊಂಡ.

"ನಾನು ಮನುಷ್ಯ ಅಲ್ಲ ಭಾವ. ನಾಯಿ. ನಿಮ್ಮ ಚಪ್ಪಲೀಲೇ ಹೊಡೀರಿ."

ಕೆನ್ನೆಗೆ ತಾನೇ ಹೊಡೆದುಕೊಂಡ. ಒಂದು ಏಟು ಜೋರಾಗಿಯೇ ಬಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಅವನ ಹೆಂಡತಿ ಸಾರಿನ ಪಾತ್ರೆ ಹಿಡಿದು ನನ್ನನ್ನೇ ನೋಡುತ್ತ ನಿಂತಳು, ಹೊಡೆದವನು ನಾನೇ ಎಂಬಂತೆ. ಇನ್ನೇನು ಮಾಡಲಿ? ಅವನ ಕೈ ಹಿಡಿದೆ. "ಪರವಾಗಿಲ್ಲ ಬಿಡೋ, ಎದ್ದೇಳು" ಎಂದೆ. ಅವನ ಬೆನ್ನು ಸವರಿದೆ. ನೀರು ತರಿಸಿ ಕುಡಿಸಿದೆ.

ಏಟು ತಿಂದವನು ನಾನು. ಸಮಾಧಾನ ಮಾಡಿದವನೂ ನಾನೇ. ಊಟ ಮುಗಿಯುವ ಹೊತ್ತಿಗೆ ಅವನು ಹಗುರಾಗಿ ಎರಡನೇ ಸಲ ಅನ್ನ ಹಾಕಿಸಿಕೊಂಡ. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಮೇಲೆ ಹೋಗುವಾಗ ಅವನನ್ನು ಮೆಟ್ಟಿಲಿಗೆ ಕರೆದೆ.

"ಅವತ್ತು ಏನಂದೆ, ಹೇಳು."

"ಮತ್ತೆ ಅದನ್ನ ಯಾಕೆ ಭಾವ. ಮುಗೀತಲ್ಲ."

"ನಾಯಿ ಅಂತ ಹತ್ತು ಸಲ ಅಂದ್ಕೊಂಡೆ. ಅಂದಿದ್ದನ್ನ ಒಂದು ಸಲ ಹೇಳೋಕೆ ಏನು ಕಷ್ಟ?"

"ಕುಡಿದಿದ್ದೆ ಭಾವ. ಎಣ್ಣೆ ಮಾತಾಡಿಸ್ತು."

"ಎಣ್ಣೆಗೆ ನಮ್ಮ ಮನೆ ಮೇಲ್ಗಡೆ ಯಾರಿದಾರೆ ಅಂತ ಹೇಗೆ ಗೊತ್ತಾಯ್ತು?"

ಅವನ ಮುಖ ಬಿಗಿಯಿತು. "ಕಾಲು ಹಿಡಿದಿದೀನಿ. ಇನ್ನೇನ್ ಮಾಡ್ಬೇಕು ಗುರು" ಎಂದ. ನನಗೆ ಗುರು ಎಂದದ್ದು ಅದೇ ಮೊದಲು. ಗೆಳೆಯರಿಗೆ ಅನ್ನುವ ಹಾಗಲ್ಲ, ಆಟೋದವನಿಗೆ ಅನ್ನುವ ಹಾಗೆ. ತಿರುಗಿ ಒಳಗೆ ಹೋದ. ಆಮೇಲೆ ನಮ್ಮ ನಡುವೆ ಮಾತು ನಿಂತಿತು.

ಮೂರನೆಯದನ್ನು ಬರೆಯುವುದು ಕಷ್ಟ. ಅದರಲ್ಲಿ ನಾಟಕವಿಲ್ಲ, ಹಾಗಾಗಿ ನೆನಪಿಗೆ ಹಿಡಿಯಲು ಕೊಂಡಿಯಿಲ್ಲ. ಅವನೇ ಮೇಲೆ ಬಂದ, ಅಷ್ಟು ಖಚಿತ. ಬೆಳಿಗ್ಗೆ. ಹೆಂಡತಿ ಕಾಫಿ ಕೊಟ್ಟಳು. ನಾನು ಪೇಪರನ್ನು ಮುಖದ ಮುಂದೆಯೇ ಹಿಡಿದಿದ್ದೆ. ಅವನು ಕುರ್ಚಿ ಎಳೆದುಕೊಂಡು ಕೂತ.

"ಭಾವ, ಪೇಪರ್ ಇಳಿಸಿ ಅಂತ ಹೇಳಲ್ಲ. ಕೇಳಿಸಿಕೊಳ್ಳಿ ಸಾಕು. ಛತ್ರದಲ್ಲಿ, ಬೀಗರ ಮುಂದೆ, ನಿಮ್ಮನ್ನ ಪುಕ್ಕಟೆ ಛತ್ರದಲ್ಲಿ ಇರೋರು ಅಂದೆ. ಬಾಡಿಗೆ ಇಲ್ಲ ಅಂದೆ. ನಾನೇ ಅಂದೆ."

ನಾನು ಪೇಪರ್ ಇಳಿಸಲಿಲ್ಲ. ಆದರೆ ಓದುವುದು ನಿಂತಿತ್ತು.

"ಕುಡಿದಿದ್ದೆ, ನಿಜ. ಕುಡಿದಿಲ್ಲ ಅಂದಿದ್ರೆ ಅಲ್ಲಿ ಅನ್ತಿರ್ಲಿಲ್ಲ. ಆದ್ರೆ ಮನಸ್ಸಲ್ಲಿ ಮುಂಚಿಂದಾನೂ ಇತ್ತು. ಮೇಲ್ಗಡೆ ಮನೆ ನನಗೆ ಬರುತ್ತೆ ಅಂದ್ಕೊಂಡಿದ್ದೆ. ಅಪ್ಪ ಅಕ್ಕಂಗೆ ಬರೆದ್ರು. ಆ ಕೋಪ ಅಪ್ಪನ ಮೇಲೆ. ಅವರಿಲ್ಲ. ನೀವು ಸಿಕ್ರಿ."

"ಅದನ್ನ ನನಗೆ ಹೇಳ್ಬೇಕಿತ್ತು ಕಣೋ" ಎಂದಳು ಹೆಂಡತಿ.

"ಹೌದು. ನಿನಗೆ ಹೇಳ್ಬೇಕಿತ್ತು. ಅದು ಬೇರೆ ಮಾತು, ಇನ್ನೊಂದಿನ ಜಗಳ ಆಡೋಣ." ಮತ್ತೆ ನನ್ನ ಕಡೆ ತಿರುಗಿದ. "ನಿನ್ನೆ ಬೀಗ್ರಿಗೆ ಫೋನ್ ಮಾಡಿದ್ದೆ. ಅವತ್ತು ನಾನು ಹೇಳಿದ್ದು ಸುಳ್ಳು, ಅದು ಅಕ್ಕನ ಮನೆ, ಭಾವ ಯಾರ ಹಂಗಲ್ಲೂ ಇಲ್ಲ ಅಂದೆ. ಅಯ್ಯೋ ತಮಾಷೆ ಅಂದ್ಕೊಂಡ್ವಿ ಅಂದ್ರು. ತಮಾಷೆ ಅಲ್ಲ, ಅವಮಾನ ಮಾಡೋಕೇ ಅಂದೆ ಅಂತ ಹೇಳಿದೆ."

"ಯಾರು ಹೇಳ್ಕೊಟ್ರು ಇದನ್ನೆಲ್ಲ?" ಎಂದೆ. ಕುಟುಕುವುದಕ್ಕೇ ಕೇಳಿದ್ದು.

"ನೀವೇ. ಅಂದಿದ್ದನ್ನ ಒಂದು ಸಲ ಹೇಳು ಅಂದ್ರಲ್ಲ. ಅವತ್ತು ಕೋಪ ಬಂತು. ಆಮೇಲೆ ಒಬ್ಬನೇ ಗಾಡಿ ಓಡಿಸ್ತಾ ಹೇಳಿ ನೋಡ್ದೆ. ಬಾಯಿಗೇ ಬರ್ಲಿಲ್ಲ. ಆಗ ಗೊತ್ತಾಯ್ತು."

ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಅಳಲಿಲ್ಲ. ಕಾಫಿಯಲ್ಲಿ ಕೆನೆ ಕಟ್ಟಿತ್ತು, ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಹಚ್ಚಿದ. ತಪ್ಪು ಒಪ್ಪಿಕೊಂಡವನು ಇಷ್ಟು ಆರಾಮವಾಗಿ ಕಾಫಿ ಕುಡಿಯಬಹುದೇ ಎಂದು ನನಗೆ ಸಿಟ್ಟೂ ಬಂತು. ಸ್ವಲ್ಪವಾದರೂ ಕುಗ್ಗಬೇಡವೇ? ಆದರೆ ಕುಗ್ಗಿದ್ದರೆ ಮತ್ತೆ ನಾನೇ ಎತ್ತಬೇಕಾಗುತ್ತಿತ್ತು.

"ಸಾರಿ ಭಾವ. ಇನ್ಮುಂದೆ ಬೀಗರ ಮುಂದೆ ಕುಡಿದು ಉಪಚಾರಕ್ಕೆ ನಿಲ್ಲಲ್ಲ. ಕುಡಿಯೋದು ಬಿಡ್ತೀನಿ ಅಂತ ಸುಳ್ಳು ಹೇಳಲ್ಲ. ನೀವು ಇವತ್ತೇ ಕ್ಷಮಿಸ್ಬೇಕು ಅಂತಾನೂ ಇಲ್ಲ." ಲೋಟ ಇಟ್ಟು ಸೇರಿಸಿದ. "ಇನ್ನೊಂದು. ಬಾಡಿಗೆ ಇಲ್ಲ ಅನ್ನೋದನ್ನ ಆಮೇಲೆ ಸೇರಿಸಿದ್ದು. ಮೊದಲನೇ ಮಾತಿಗೆ ನೀವೂ ನಕ್ರಿ. ಅದಕ್ಕೆ ನನಗೆ ಇನ್ನೂ ಜೋಶ್ ಬಂತು. ಅದು ನಿಮ್ಮ ತಪ್ಪಲ್ಲ. ಆದದ್ದು ಹೇಳ್ತಾ ಇದೀನಿ."

ಪೇಪರ್ ಇಳಿಸಿದೆ.

ಇಲ್ಲಿ ನಾನು ಏನಾದರೂ ದೊಡ್ಡ ಮಾತು ಹೇಳಿದೆ ಎಂದು ಬರೆಯಬಹುದಿತ್ತು. ನನ್ನ ಬಾಯಲ್ಲಿ ಸಿದ್ಧವಾಗಿದ್ದದ್ದು ಅದೇ ಹಳೆಯ "ಬೇಜಾರೇನಿಲ್ಲ". ಅಷ್ಟು ದಿನವೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಅದೂ ಒಂದು 'ಅಂತೆ'ಯೇ, ನನ್ನ ಕಡೆಯದು.

"ಬೇಜಾರಾಯ್ತು. ತುಂಬಾ. ಇನ್ನೂ ಕೋಪ ಇದೆ" ಎಂದೆ.

"ಇರ್ಲಿ."

"ಮೋಟರ್ ನೀರು ನಿನ್ನ ಬೈಕ್ ಮೇಲೆ ಬಿಟ್ಟಿದ್ದು ಬೇಕಂತಾನೇ."

"ಗೊತ್ತು. ನಾನು ಬೈಕ್ ಅಡ್ಡ ಹಾಕ್ತಿದ್ದಿದ್ದೂ ಬೇಕಂತಾನೇ."

"ಇಬ್ರೂ ಸೇರಿ ನೀರು ಹಾಳು ಮಾಡಿದ್ರಿ" ಎಂದು ಹೆಂಡತಿ ಲೋಟ ಎತ್ತಿಕೊಂಡು ಹೋದಳು.

ಅವನು ಇಳಿದುಹೋದ ಮೇಲೆ ಮಲ್ಲತ್ತಹಳ್ಳಿಯ ಮಾಲೀಕರಿಗೆ ಫೋನ್ ಮಾಡಿದೆ. ಯಾಕೆ ಬೇಡ ಎಂದು ಕೇಳಿದರು. ನಮ್ಮ ಮನೆ ಇದೆ ಎಂದೆ. ಅವನ ಮೇಲೆ ಪ್ರೀತಿ ಉಕ್ಕಿ ಹಾಗೆ ಮಾಡಲಿಲ್ಲ. ಈಗಲೂ ಅವನ ಬೈಕಿನ ಸದ್ದು ಕೇಳಿದರೆ ಹಲ್ಲು ಬಿಗಿಯುತ್ತದೆ. ಆದರೆ ಮನೆ ಬಿಡಲು ನಾನು ಹಿಡಿದುಕೊಂಡಿದ್ದ ಕಾರಣವನ್ನು ಅವನು ಎತ್ತಿಕೊಂಡು ತನ್ನ ಹೆಸರು ಹಚ್ಚಿ ಇಟ್ಟುಬಿಟ್ಟಿದ್ದ. ಅದಿನ್ನು ನನ್ನದಾಗಿರಲಿಲ್ಲ.

ಸಂಜೆ ಟ್ಯಾಂಕು ತುಂಬಿ ಹರಿಯಿತು. ಪ್ಯಾರಾಪೆಟ್ ಹತ್ತಿರ ಹೋಗಿ, "ಆಫ್ ಮಾಡೋ" ಎಂದು ಕೂಗಿದೆ. "ಮಾಡ್ದೆ ಭಾವ" ಎಂದ ಕೆಳಗಿನಿಂದ.

ಪಂಕ್ತಿಯ ಆ ಮೊದಲ ಮಾತನ್ನು ಮತ್ತೆ ನೆನಪಿಸಿಕೊಂಡೆ. ಎಲೆಯ ಅಂಚಿಗೆ ಸರಿಸಿದ ಮೂಳೆ ಈಗಲೂ ಇದೆ. ಅದಕ್ಕೂ ಮುಂಚೆ, ಬಲಗಡೆ ಕೂತವರ ಕಡೆಗೆ ತಿರುಗಿ, ನಾನು ನಕ್ಕೆ.