ವೋಲ್ಟೇಜ್ ಮಾವನ ಸುಟ್ಟ ಮೋಟರು

ಆ ಬೀದಿಯಲ್ಲಿ ಮಿಕ್ಸಿ ಸುಟ್ಟರೆ ಮನುಷ್ಯರ ತಪ್ಪು ಒಂದಿಷ್ಟೂ ಇರುತ್ತಿರಲಿಲ್ಲ. ಮೂವತ್ತು ವರ್ಷಗಳಿಂದ ಸುಟ್ಟ ಒಂದೊಂದು ಮೋಟರಿಗೂ ಅಪರಾಧಿ ಒಬ್ಬನೇ, ವೋಲ್ಟೇಜು. ಕಲ್ಲಿನಂಥ ಅರಿಶಿನದ ಕೊಂಬನ್ನು ಜಾರಿನ ಕುತ್ತಿಗೆವರೆಗೂ ತುರುಕಿ, ಮುಚ್ಚಳದ ಮೇಲೆ ಮೈಭಾರವೆಲ್ಲ ಹಾಕಿ ನಿಂತು, ಐದು ನಿಮಿಷ ಬಿಡದೆ ಓಡಿಸಿ, ಸುಟ್ಟ ವಾಸನೆ ಬಂದಾಗ ಮಿಕ್ಸಿ ನಿಲ್ಲಿಸುವ ಬದಲು ಕಿಟಕಿ ತೆರೆದವರೂ ಪಾಪ ವೋಲ್ಟೇಜಿನ ಬಲಿಪಶುಗಳೇ. ಈ ತೀರ್ಪು ಕೊಡುತ್ತಿದ್ದವನು ಮೆಟ್ಟಿಲ ಕೆಳಗಿನ ಅಂಗಡಿಯ ರಿಪೇರಿಯವನು. ಬೀದಿಯವರು ಅವನಿಗೆ ವೋಲ್ಟೇಜ್ ಮಾವ ಎಂದು ಹೆಸರಿಟ್ಟಿದ್ದು ತಮಾಷೆಗಲ್ಲ, ಕೃತಜ್ಞತೆಗೆ.

ಅಂಗಡಿ ಎಂದರೆ ದೊಡ್ಡ ಮಾತಾಯಿತು. ಎರಡು ಕೈ ಚಾಚಿದರೆ ಎರಡು ಗೋಡೆ ಸಿಗುತ್ತಿದ್ದವು. ಮೇಲಿನ ಮನೆಯವರು ಮೆಟ್ಟಿಲಿಳಿದಾಗಲೆಲ್ಲ ತಲೆಯ ಮೇಲೆ ಧೂಳು ಉದುರುತ್ತಿತ್ತು. ಒಂದು ಬೆಂಚು, ತಂತಿಗೆ ಸಿಕ್ಕಿಸಿದ ಟೆಸ್ಟ್ ಬಲ್ಬು, ಸ್ಕ್ರೂ ತುಂಬಿದ ಬಿಸ್ಕತ್ತಿನ ಡಬ್ಬಗಳು. ಇಷ್ಟರಲ್ಲೇ ಮಾವ ಒಂದು ಕೋರ್ಟು ನಡೆಸುತ್ತಿದ್ದ, ಅದೂ ಎಲ್ಲರನ್ನೂ ಖುಲಾಸೆ ಮಾಡುವ ಕೋರ್ಟು.

ಅವನಿಗೆ ನಿಜ ಗೊತ್ತಾಗುತ್ತಿರಲಿಲ್ಲ ಎಂದಲ್ಲ. ಮಿಕ್ಸಿ ಹೊಸಿಲು ದಾಟುವ ಮೊದಲೇ ಗೊತ್ತಾಗುತ್ತಿತ್ತು. ಕಾರ್ಬನ್ ಸವೆದ ವಾಸನೆ ಬೇರೆ, ರಬ್ಬರ್ ಕಪ್ಲರ್ ಕರಗಿದ ವಾಸನೆ ಬೇರೆ, ತಾಮ್ರದ ತಂತಿಯ ಮೇಲಿನ ವಾರ್ನಿಷ್ ಸುಟ್ಟ ವಾಸನೆಯಂತೂ ಮೂಗಿಗೆ ಗುದ್ದಿ ಹೇಳುತ್ತಿತ್ತು. ಆದರೆ ಅಂಗಡಿ ಇಟ್ಟ ಹೊಸದರಲ್ಲಿ ಒಬ್ಬ ಯಜಮಾನರಿಗೆ, "ಸಾರ್, ಇದು ಓವರ್‌ಲೋಡು, ಯಾರೋ ಸಿಕ್ಕಾಪಟ್ಟೆ ತುಂಬಿದ್ದಾರೆ" ಎಂದು ನಿಜ ನುಡಿದಿದ್ದ. ತುಂಬಿದ್ದು ಅದೇ ಯಜಮಾನರು ಎಂದು ಅವರ ಹೆಂಡತಿ ಅಂಗಡಿಯಲ್ಲೇ ಸಾರಿಬಿಟ್ಟರು. ಆ ಮನೆಯವರು ಮತ್ತೆ ಬರಲಿಲ್ಲ, ಅವರ ನೆಂಟರೂ ಬರಲಿಲ್ಲ. ಅಂದಿನಿಂದ ಮಾವ ಹಾವೂ ಸಾಯದ ಕೋಲೂ ಮುರಿಯದ ದಾರಿ ಹಿಡಿದ. ವೋಲ್ಟೇಜಿಗೆ ಹೆಂಡತಿಯಿಲ್ಲ, ಅತ್ತೆಯಿಲ್ಲ, ಬೈದರೆ ಜಗಳಕ್ಕೂ ಬರುವುದಿಲ್ಲ.

ಅವತ್ತು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೊದಲು ವಾಸನೆ ಬಂತು, ಅದರ ಹಿಂದೆ ಮಿಕ್ಸಿ ಹೊತ್ತ ಅತ್ತೆ ಬಂದರು, ಅವರ ಹಿಂದೆ ಜಾರು ಹಿಡಿದ ಸೊಸೆ. ಮೂಲೆ ಮನೆಯವರು. ಸೊಸೆ ಒಂದು ವರ್ಷದಿಂದ ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಅರಿಶಿನ ಪುಡಿ ಮಾಡಿ ಪ್ಯಾಕೆಟ್ ಕಟ್ಟಿ ಮಾರುತ್ತಿದ್ದಳು. ಅವಳ ಪುಡಿಯ ರುಚಿಯನ್ನು ಇಡೀ ಬೀದಿ ಹೊಗಳುತ್ತಿತ್ತು, ಅತ್ತೆಯೊಬ್ಬರನ್ನು ಬಿಟ್ಟು.

ಅತ್ತೆ ಮಿಕ್ಸಿಯನ್ನು ಬೆಂಚಿನ ಮೇಲೆ ಕುಕ್ಕಿದರು. "ಮಾವಾ, ಇವತ್ತು ನೀನು ನಿಜ ಹೇಳ್ಬೇಕು."

ಮಾವನಿಗೆ 'ನಿಜ' ಎಂಬ ಶಬ್ದ ಕೇಳಿದರೇ ಮೈ ಬೆವರುತ್ತಿತ್ತು. "ಹೇಳೋಣಮ್ಮ, ಅದಕ್ಕೇನಂತೆ. ವೋಲ್ಟೇಜ್..."

"ವೋಲ್ಟೇಜ್ ಅಂತ ಮಾತ್ರ ಅನ್ಬೇಡ! ಅದೇ ಹೊತ್ತಲ್ಲಿ ಟೀವಿ ಓಡ್ತಿತ್ತು, ಫ್ಯಾನ್ ಓಡ್ತಿತ್ತು, ಪಕ್ಕದ ಮನೆ ಮಿಕ್ಸೀನೂ ಓಡ್ತಿತ್ತು. ವೋಲ್ಟೇಜ್ ಬಂದು ನಮ್ಮನೆ ಮಿಕ್ಸಿ ಒಂದನ್ನೇ ಹುಡುಕ್ಕೊಂಡು ಸುಡ್ತಾ? ಇವಳೇ ಸುಟ್ಟಿದ್ದು. ನೀನು ಹೌದು ಅಂದ್ರೆ ಸಾಕು. ಇವತ್ತಿಗೆ ಪುಡಿ ವ್ಯಾಪಾರ ಬಂದ್, ಮಿಕ್ಸಿ ಅಟ್ಟಕ್ಕೆ. ಮಗನೂ ಒಪ್ಪಿದಾನೆ."

ಮಗ ಅತ್ತೆ ಹೇಳಿದ್ದಕ್ಕೆಲ್ಲ ಒಪ್ಪುವ ಸಂಭಾವಿತ, ಅದು ಬೇರೆ ಮಾತು. ಸೊಸೆ ಜಾರನ್ನು ಎದೆಗವಚಿಕೊಂಡು ನಿಂತಿದ್ದಳು, ಅದರ ತಳ ಇನ್ನೂ ಬಿಸಿಯಾಗಿತ್ತು. ಹೊಸದಾಗಿ ತೆರೆದ ಹೋಟೆಲೊಂದು ಐದು ಕಿಲೋ ಪುಡಿ ಕೇಳಿತ್ತು, ನಾಳೆ ಬೆಳಿಗ್ಗೆಗೆ. ಅವಳಿಗೆ ಸಿಕ್ಕ ಮೊದಲ ದೊಡ್ಡ ಗಿರಾಕಿ. ಆ ಸುದ್ದಿ ಮಾವನಿಗೂ ಗೊತ್ತಿತ್ತು, ಏಕೆಂದರೆ ಅತ್ತೆಯೇ ಅದನ್ನು ಬೀದಿಗೆಲ್ಲ ಹೆಮ್ಮೆಯಿಂದ ಹಂಚಿದ್ದರು. ತಮಗೆ ಹೆಮ್ಮೆಯಿದೆ ಎಂದು ಸೊಸೆಗೆ ಮಾತ್ರ ಹೇಳಿರಲಿಲ್ಲ.

ಮಾವ ಜಾರಿನ ಬ್ಲೇಡನ್ನು ಕೈಯಲ್ಲಿ ತಿರುಗಿಸಿ ನೋಡಿದ. ಸಲೀಸಾಗಿ ತಿರುಗಿತು, ಬ್ಲೇಡಿನಲ್ಲಿ ದೋಷವಿಲ್ಲ. ತಳದಲ್ಲಿ ಪುಡಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಜಾರಿನ ಒಳಗೋಡೆಯಲ್ಲಿ ಕುತ್ತಿಗೆವರೆಗೂ ಪುಡಿಯ ಗುರುತು. ಮಿಕ್ಸಿಯ ಮೇಲೆ ಜಾರು ಕೂರುವ ಕಪ್ಲರಿನ ಹಲ್ಲುಗಳು ಕರಗಿ ಬಾಗಿದ್ದವು. ಗುರುತು ಓದಬಲ್ಲವನಿಗೆ ಇಷ್ಟು ಸಾಕು. ಒಣ ಸಾಮಾನು, ಜಾರಿನ ತುಂಬ, ಬಿಡುವಿಲ್ಲದೆ. ನೀರಿದ್ದರೆ ಮಿಶ್ರಣ ಜಾರಿ ಸುತ್ತುತ್ತದೆ, ಒಣದು ಹಾಗಲ್ಲ, ಬ್ಲೇಡಿನ ಕೆಳಗೆ ಗಟ್ಟಿಯಾಗಿ ಕೂತು ಮೋಟರಿನ ಉಸಿರು ಹಿಡಿಯುತ್ತದೆ. ಮೋಟರು ನಿಧಾನವಾದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ. ಅದನ್ನು ತಣ್ಣಗಿಡಬೇಕಾದ ಫ್ಯಾನು ಅದೇ ಶಾಫ್ಟಿನಲ್ಲಿರುವುದರಿಂದ ಅದೂ ನಿಧಾನವಾಗುತ್ತದೆ. ಒಲೆಗೆ ಸೌದೆಯನ್ನೂ ತುರುಕಿ ಕಿಟಕಿಯನ್ನೂ ಮುಚ್ಚಿದ ಹಾಗೆ.

ಸ್ಕ್ರೂ ಬಿಚ್ಚುವಾಗ ಅವನು ಮನಸ್ಸಿನಲ್ಲಿ ಹೊಸ ಸುಳ್ಳೊಂದನ್ನು ಹೆಣೆಯುತ್ತಿದ್ದ. ಕಂಪನಿ ಮಾಲು ಕಳಪೆ ಎನ್ನಬಹುದು. ಕಂಪನಿಗೂ ಹೆಂಡತಿಯಿಲ್ಲ. ತಳದ ಮುಚ್ಚಳ ತೆಗೆದ. ಗಾಳಿಕಂಡಿಗಳಲ್ಲಿ ಮೆಣಸಿನ ಪುಡಿ, ಮೋಟರಿನೊಳಗೆ ತಿರುಗುವ ಆರ್ಮೇಚರು ಕಪ್ಪಗೆ, ವೈಂಡಿಂಗಿನ ವಾರ್ನಿಷ್ ಗುಳ್ಳೆಯೆದ್ದಿತ್ತು. ಇದೆಲ್ಲ ನಿರೀಕ್ಷಿಸಿದ್ದೇ. ಆದರೆ ಕೆಂಪು ಬಟನ್ನಿನ ಹತ್ತಿರ ಅವನ ಕೈ ನಿಂತಿತು.

ಮಿಕ್ಸಿಯ ಹೊಟ್ಟೆಯಡಿ ಒಂದು ಕೆಂಪು ಬಟನ್ ಇರುತ್ತದೆ. ಲೋಡು ಜಾಸ್ತಿಯಾದರೆ ಅದು ಟಕ್ಕೆಂದು ಹೊರಕ್ಕೆ ಹಾರಿ ಕರೆಂಟು ಕಡಿಯುತ್ತದೆ, ಮೋಟರು ತಣ್ಣಗಾದ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ. ಇಲ್ಲಿ ಆ ಬಟನ್ನಿಗೆ ಹೋಗಬೇಕಾದ ಎರಡು ತಂತಿಗಳನ್ನು ನೇರವಾಗಿ ಹೆಣೆದು ಹಸಿರು ಟೇಪು ಸುತ್ತಲಾಗಿತ್ತು. ಬೀದಿಯಲ್ಲಿ ಹಸಿರು ಟೇಪು ಬಳಸುವವನು ಒಬ್ಬನೇ. ಕಪ್ಪು ಟೇಪಿಗಿಂತ ಅಗ್ಗಕ್ಕೆ ಸಿಕ್ಕಿತೆಂದು ಒಂದು ಪೆಟ್ಟಿಗೆ ತಂದಿದ್ದ.

ಎಲ್ಲಾ ನೆನಪಾಯಿತು. ಎರಡು ತಿಂಗಳ ಹಿಂದೆ ಇದೇ ಅತ್ತೆ, "ಈ ಮಿಕ್ಸಿ ಮಾತುಮಾತಿಗೆ ನಿಂತು ಹೋಗುತ್ತೆ, ಮೊಂಡುತನ ಬಿಡಿಸು" ಎಂದು ತಂದಿದ್ದರು. ಮಿಕ್ಸಿಗೇನೂ ರೋಗವಿರಲಿಲ್ಲ. ಬಟನ್ ತನ್ನ ಕೆಲಸ ಮಾಡುತ್ತಿತ್ತು. ಜಾರು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ ಯಾರು ತುಂಬಿದ್ದು ಎಂಬ ವಿಚಾರಣೆ ಶುರುವಾಗುತ್ತಿತ್ತು. ಶಾಂತಿಪ್ರಿಯ ಮಾವ ಬಟನ್ನನ್ನೇ ತಪ್ಪಿಸಿ ತಂತಿ ಜೋಡಿಸಿ, "ವೋಲ್ಟೇಜಮ್ಮ, ಸರಿಮಾಡಿದೀನಿ" ಎಂದಿದ್ದ. ಅತ್ತೆ ಆಮೇಲೆ ನಾಲ್ಕು ಮನೆಗೆ ಹೇಳಿದ್ದರು, ಮಾವ ಮುಟ್ಟಿದ ಮೇಲೆ ಮಿಕ್ಸಿ ಒಂದು ಸಲವೂ ನಿಂತಿಲ್ಲ ಎಂದು. ಹೌದು, ನಿಲ್ಲಲಿಲ್ಲ. ಸುಡುವವರೆಗೂ ನಿಲ್ಲಲಿಲ್ಲ.

"ಏನು, ಸಿಕ್ಕಿತಾ?" ಅತ್ತೆ ಬಗ್ಗಿದರು. "ಇವಳದ್ದೇ ತಾನೆ?"

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನುತ್ತಾರೆ. ರಿಪೇರಿಯವನು ಸುಟ್ಟ ಮೋಟರಿಗಂತೂ ಕೇಳುವವರೇ ಇರುವುದಿಲ್ಲ. ಹೆಬ್ಬೆರಳಲ್ಲಿ ಟೇಪು ಕಿತ್ತು ಕಸಕ್ಕೆ ಹಾಕಿ, "ಹೌದಮ್ಮ, ಓವರ್‌ಲೋಡು" ಎಂದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನಿಜವೇ ಅವನಿಗೆ ಅನುಕೂಲವಾಗಿ ಕೂತಿತ್ತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇಲ್ಲಮ್ಮ," ಎಂದ. "ನನ್ನದು."

"ಏನು ನಿನ್ನದು?"

"ತಪ್ಪು. ಈ ಬಟನ್ ಇರೋದೇ ಮೋಟರ್ ಬಿಸಿ ಆದ್ರೆ ನಿಲ್ಸೋಕೆ. ನೀವು ಹೋದ ಸಲ ತಂದಾಗ ನಾನು ಇದನ್ನ ತಪ್ಪಿಸಿ ಡೈರೆಕ್ಟ್ ಕೊಟ್ಟೆ. ಇದು ನನ್ನ ಟೇಪು, ನನ್ನ ಗಂಟು. ಬಟನ್ ಇದ್ದಿದ್ರೆ ಮಿಕ್ಸಿ ನಿಂತಿರೋದು, ಸುಡ್ತಿರ್ಲಿಲ್ಲ. ಹೊಸ ಆರ್ಮೇಚರ್ ನಾನೇ ಹಾಕಿ ಕೊಡ್ತೀನಿ, ಒಂದು ಪೈಸಾ ಬೇಡ."

ಅತ್ತೆ ಹಸಿರು ಟೇಪನ್ನು ನೋಡಿದರು, ಸೊಸೆಯನ್ನು ನೋಡಿದರು, ಕೊನೆಗೆ ಮಾವನನ್ನು ನೋಡಿದರು. ಇಷ್ಟು ಚೆನ್ನಾಗಿ ತಯಾರಿ ಮಾಡಿಕೊಂಡು ಬಂದ ಜಗಳ ಕೈಜಾರಿತ್ತಲ್ಲ, ಆ ಬೇಜಾರು ಅವರ ಮುಖದಲ್ಲಿ ಢಾಳಾಗಿ ಕಾಣುತ್ತಿತ್ತು. ಆದರೆ ಅವರು ಸೋತು ಸುಮ್ಮನಾಗುವ ಹೆಂಗಸಲ್ಲ. ಸೊಸೆಯ ಕಡೆ ತಿರುಗಿ, "ನಾನು ಆವತ್ತೇ ಹೇಳ್ಲಿಲ್ವಾ, ಈ ಅಂಗಡಿಗೆ ಕೊಡೋದು ಬೇಡ ಅಂತ? ನಿನಗೇ ಆತುರ" ಎಂದು ಗದರಿ, ಮೆಟ್ಟಿಲೇ ನಡುಗುವಂತೆ ಹೊರಟರು. ಸೊಸೆ ಅವರ ಹಿಂದೆ ಹೋದಳು.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಪಾಪ ವೋಲ್ಟೇಜಿನ ನಿರಪರಾಧಿತ್ವ ಸಾಬೀತಾಗಿದ್ದೇ ತಡ, ಹಳೇ ಕೇಸುಗಳೆಲ್ಲ ಎದ್ದು ಕುಳಿತವು. "ನಮ್ಮದೂ ವೋಲ್ಟೇಜ್ ಅಲ್ವಾ ಹಾಗಾದ್ರೆ?" ಎಂದು ಮೂವರು ಬಂದರು. ಔಷಧಿ ಅಂಗಡಿಯವನ ಹೆಂಡತಿ ಏಳು ವರ್ಷದ ಹಿಂದೆ ಸುಟ್ಟ ಮೋಟರಿನ ನಿಜ ಕೇಳಿದಳು, ಗಂಡನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು. ಮಾವ ತಲೆ ಕೆರೆದುಕೊಂಡು ಮರೆತುಹೋಯಿತು ಎಂದ. ಒಂದೇ ದಿನದಲ್ಲಿ ಪೂರ್ತಿ ಸತ್ಯಹರಿಶ್ಚಂದ್ರ ಆಗಲು ಯಾರಿಂದ ಆಗುತ್ತದೆ? ಮನೆಯಲ್ಲಿ ಅವನ ಹೆಂಡತಿ ಮಾತ್ರ ಎರಡು ಚಪಾತಿ ಜಾಸ್ತಿ ಹಾಕಿದಳು, ಏಕೆಂದು ಹೇಳಲಿಲ್ಲ.

ಮೂರನೇ ದಿನ ಸೊಸೆ ಒಬ್ಬಳೇ ಬಂದಳು. ಮಿಕ್ಸಿ ತಯಾರಾಗಿತ್ತು. ಹೊಸ ಆರ್ಮೇಚರು, ಹೊಸ ಕಪ್ಲರು, ಹೊಸ ಬಟನ್. ಖಾಲಿ ಓಡಿಸಿ ಸದ್ದು ಕೇಳಿಸಿದ. ಮೂವತ್ತು ವರ್ಷ ಯಾರಿಗೂ ಹೇಳದ ಮಾತುಗಳನ್ನು ಹೇಳಿದ. ಒಣದಾದರೆ ಅರ್ಧ ಜಾರಿಗಿಂತ ಕಡಿಮೆ, ಅರಿಶಿನದ ಕೊಂಬಾದರೆ ಮೊದಲು ಕುಟ್ಟಿ ಚೂರು ಮಾಡಿ. ಒಂದು ನಿಮಿಷ ಓಡಿಸಿ, ನಿಲ್ಲಿಸಿ, ತಳ ಮುಟ್ಟಿ ನೋಡಿ, ಬಿಸಿಯಿದ್ದರೆ ತಣಿಯುವವರೆಗೆ ಕಾಯಿರಿ. ಸದ್ದು ಕೆಳಗಿಳಿದರೆ ತಕ್ಷಣ ಆಫ್ ಮಾಡಿ.

"ಹೋಟೆಲಿನ ಆರ್ಡರು?" ಎಂದು ಕೇಳಿದ.

"ಗಿರಣಿಗೆ ಕೊಟ್ಟು ಪುಡಿ ಮಾಡಿಸ್ದೆ. ಇನ್ನೂ ಬೇಕು ಅಂದಿದಾರೆ. ಅತ್ತೆ ಈಗ ಏನೂ ಅನ್ನಲ್ಲ. ಬೈಯೋಕೆ ನೀವು ಸಿಕ್ಕಿದೀರಲ್ಲ." ಅವಳು ನಕ್ಕಳು. ಮಿಕ್ಸಿಯನ್ನು ಎತ್ತಿಕೊಂಡಳು, ಹೋಗಲಿಲ್ಲ. ನಗು ಹೋಗಿತ್ತು. "ಮಾವಾ, ಒಂದು ಮಾತು. ಅವತ್ತು ಆರ್ಡರ್ ಆತುರಕ್ಕೆ ಜಾರು ಪೂರ್ತಿ ತುಂಬಿದ್ದು ನಾನೇ. ಒಂದಾದ ಮೇಲೊಂದು ಆರು ಜಾರು, ಬಿಡುವೇ ಇಲ್ಲದ ಹಾಗೆ. ವಾಸನೆ ಬಂದಾಗ್ಲೂ ನಿಲ್ಲಿಸ್ಲಿಲ್ಲ."

"ಗೊತ್ತು," ಎಂದ ಮಾವ.

"ಮತ್ತೆ ಯಾಕೆ ಪೂರ್ತಿ ನಿಮ್ಮ ಮೇಲೆ ಹಾಕ್ಕೊಂಡ್ರಿ?"

ಮಾವ ಬೆಂಚಿನ ಮೇಲೆ ಬಿದ್ದಿದ್ದ ಕಾರ್ಬನ್ ಪುಡಿಯನ್ನು ಬಟ್ಟೆಯಿಂದ ಒರೆಸಿದ. ಒರೆಸಿದಲ್ಲೇ ಮತ್ತೊಮ್ಮೆ ಒರೆಸಿದ.

"ಮೊದಲ ಜಾರಲ್ಲೇ ಆ ಬಟನ್ ನಿಮಗೆ 'ಸಾಕು, ನಿಲ್ಸಿ' ಅಂತ ಹೇಳ್ತಿತ್ತಮ್ಮ," ಎಂದ. "ಅದರ ಬಾಯಿ ಮುಚ್ಚಿಸಿದ್ದು ನಾನು."